ಬದಲಿ ಕೊಟ್ಟು ಹೋಗುತ್ತೇನೆ

ರಾಜೀನಾಮೆಯ ಮೊದಲ ಹಾಳೆಯ ತುಂಬ ಮ್ಯಾನೇಜರ್ ಮಲ್ಲಿಕಾರ್ಜುನಪ್ಪನವರಿಗೆ ಬೈಗುಳವೇ ಇತ್ತು. ಅದನ್ನು ಹರಿದೆ, ಆದರೆ ಸಿಟ್ಟು ಹರಿಯಲಿಲ್ಲ. ಸಂಸೆ ಹತ್ತಿರದ ಈ ಎಸ್ಟೇಟಿಗೆ ನಾನು ಮೆಕ್ಯಾನಿಕ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಬೆಲ್ಟ್ ಹಳೆಯದಾಗಿದೆ ಎಂದು ಮಳೆಗಾಲದಿಂದಲೂ ಹೇಳುತ್ತಿದ್ದೆ. ಕುಯ್ಲಿಗೆ ಮುಂಚೆ ಮೆಷಿನ್ ಓಡಿಸಿ ನೋಡುವಾಗ ಅದು ಕಿತ್ತುಹೋಯಿತು. ಆ ದಿನ ಮ್ಯಾನೇಜರ್ ಆಳುಗಳೆಲ್ಲರ ಮುಂದೆ, "ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ಮೆಷಿನ್ ಕೊಟ್ರೆ ಇನ್ನೇನಾಗುತ್ತೆ" ಅಂದರು.

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನವರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಸೋಮವಾರ ಸೇರಬೇಕು, ಕೈಯಲ್ಲಿ ಬಿಡುಗಡೆ ಪತ್ರ ಇರಬೇಕು. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಆದರೆ ನನ್ನ ನೇಮಕ ಪತ್ರದಲ್ಲಿ ಒಂದು ತಿಂಗಳ ನೋಟಿಸ್ ಎಂದಿತ್ತು. ಅದರ ಕೆಳಗೇ, ಆಡಳಿತ ಒಪ್ಪಿದರೆ ನೋಟಿಸ್ ಅವಧಿಗೆ ಬದಲಿ ವೇತನ ಕಟ್ಟಿ ಮೊದಲೇ ಹೋಗಬಹುದು ಎಂದೂ ಇತ್ತು.

ನಾನು ಹೀಗೆ ಬರೆದೆ: "ಸೋಮವಾರದಿಂದ ಬರುವುದಿಲ್ಲ. ನೋಟಿಸ್ ಅವಧಿಗೆ ಬದಲಿ ಕೊಟ್ಟು ಹೋಗುತ್ತೇನೆ. ಇಂತಿ, ಹಸೀಬ್." 'ವೇತನ' ಎಂಬುದನ್ನು ಬೇಕೆಂದೇ ಬಿಟ್ಟೆ. ಇವರ ಮುಂದೆ ಸಂಬಳದ ಮಾತೆತ್ತಲೂ ನನಗೆ ಮನಸ್ಸಿರಲಿಲ್ಲ.

ಮರುದಿನ ಆಫೀಸಿನ ರೈಟರ್ ಜಯಪ್ರಕಾಶಣ್ಣ ಪತ್ರ ಹಿಡಿದು ಮೆಷಿನ್ ಮನೆಗೆ ಬಂದರು. ಹಾಜರಿಯಿಂದ ಹಿಡಿದು ಕಂಪನಿ ಪತ್ರದವರೆಗೆ ಎಲ್ಲ ಅವರ ಕೈಯದು.

"ಬದಲಿ ಯಾರು ಮಾರಾಯ?"

"ಯಾವ ಬದಲಿ?"

"ನೀನೇ ಬರ್ದಿದ್ಯಲ್ಲ. ನೋಡು, ಸಾಹೇಬ್ರು ಸೈನ್ ಹಾಕಿದಾರೆ."

ನನ್ನ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿ: "ಬದಲಿ ಬಂದ ದಿನವೇ ಬಿಡುಗಡೆ. ಒಪ್ಪಿದೆ."

ಎಸ್ಟೇಟಿನಲ್ಲಿ ಬದಲಿ ಎಂದರೆ ರಜೆ ಹೋದವನ ಜಾಗಕ್ಕೆ ಬರುವ ಆಳು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಟ್ಟಿನಲ್ಲಿ ಬರೆಯುವಾಗ ಯಾವುದು ಗೊತ್ತಿರುತ್ತದೆ!

"ನಾನು ಹೇಳಿದ್ದು ದುಡ್ಡು ಅಣ್ಣ! ಆಳಲ್ಲ!"

"ಹಂಗಾದ್ರೆ ಹಂಗೇ ಬರೀಬೇಕಪ್ಪ. ಷರತ್ತಲ್ಲಿ 'ಒಪ್ಪಿದರೆ' ಅಂತ ಇದೆ. ನೀನು ಕೇಳ್ಕೋಬೇಕು, ಹೇಳೋದಲ್ಲ."

ಅವರು ಹೇಳಿದಂತೆ ಬರೆದೆ: "ನೇಮಕ ಪತ್ರದ ಷರತ್ತಿನಂತೆ, ಬಾಕಿ ಉಳಿಯುವ ನೋಟಿಸ್ ಅವಧಿಯ ಮೂಲವೇತನವನ್ನು ನನ್ನ ಅಂತಿಮ ಲೆಕ್ಕದಲ್ಲಿ ಕಡಿತ ಮಾಡಿಕೊಂಡು, ಶನಿವಾರದ ಕೆಲಸ ಮುಗಿದ ನಂತರ ನನ್ನನ್ನು ಬಿಡುಗಡೆ ಮಾಡಬೇಕೆಂದು..." ಅಲ್ಲಿಗೆ ಪೆನ್ನು ನಿಂತಿತು.

"ಕೋರುತ್ತೇನೆ," ಅಂದರು ಜಯಪ್ರಕಾಶಣ್ಣ.

"ತಿಳಿಸುತ್ತೇನೆ."

"ಕೋರು!"

"ಅವ್ರು ಬೈದಿದ್ದಕ್ಕೆ ನಾನ್ಯಾಕೆ ಕೋರ್ಲಿ?"

"ಮಾರಾಯ, ಚಿಕ್ಕಮಗಳೂರು ಬೇಕೋ, ನಿನ್ನ 'ತಿಳಿಸುತ್ತೇನೆ' ಬೇಕೋ?"

ಕೋರಿದೆ. ಹಾಳೆ ತೂತಾಗುವಷ್ಟು ಒತ್ತಿ ಕೋರಿದೆ.

ಮಲ್ಲಿಕಾರ್ಜುನಪ್ಪನವರು ಅದನ್ನು ಓದಿ ಕನ್ನಡಕ ತೆಗೆದರು.

"ನಾಳಿದ್ದಿಂದ ಹಣ್ಣು ಕುಯ್ಲು. ನಿನ್ನ ಮೂಲವೇತನ ತಗೊಂಡು ನಾನೇನು ಪಲ್ಪರ್‌ಗೆ ಹಾಕಿ ತಿರುಗಿಸ್ಲಾ? ಒಪ್ಪಲ್ಲ. ಹಳೇ ಪತ್ರನೇ ಚೆನ್ನಾಗಿತ್ತು."

"ಸರ್, ಅದು ತಪ್ಪು ಬರ್ದಿದ್ದು!"

"ತಪ್ಪಿದ್ರೂ ಅರ್ಥ ಆಗ್ತಿತ್ತು. ಬದಲಿ ತಾ. ಒಂದು ಪೈಸೆ ಹಿಡಿಯಲ್ಲ."

ಸರಿಯಾಗಿ ಬರೆದದ್ದು ಬೇಡ, ತಪ್ಪಾಗಿ ಬರೆದದ್ದು ಬೇಕು! ಬೈಕ್ ಎತ್ತಿ ನೇರ ಕಳಸಕ್ಕೆ ಹೋದೆ. ಅಲ್ಲಿ ಅಬ್ದುಲ್ ವಹಾಬ್ ಮಾಮನ ಗ್ಯಾರೇಜ್. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಎಸ್ಟೇಟ್ ಪಲ್ಪರ್‌ಗಳ ಕೆಲಸವನ್ನೂ ಮಾಡಿದವರು. ಮಗ ಗ್ಯಾರೇಜ್ ನೋಡಿಕೊಳ್ಳತೊಡಗಿದ ಮೇಲೆ ಅವರನ್ನು ರಿಪೇರಿಗೆಂದು ಜೀಪಿನ ಕೆಳಗೆ ಮಲಗಲು ಬಿಡುತ್ತಿರಲಿಲ್ಲವಂತೆ. ಮಾಮ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದರು.

"ಬರ್ತೀನಿ," ಅಂದರು, ನಾನು ಪೂರ್ತಿ ಹೇಳುವ ಮೊದಲೇ. "ಆದ್ರೆ ಆ ಮ್ಯಾನೇಜರ್ ಕೂಗಾಡ್ತಾನಂತೆ?"

"ಕೂಗಾಡ್ತಾರೆ ಮಾಮ."

"ಒಳ್ಳೇದಾಯ್ತು. ನಂಗೂ ಯಾರ ಮೇಲಾದ್ರೂ ಕೂಗ್ಬೇಕು. ಮನೇಲಿ ಎಲ್ರೂ ಸುಮ್ನಿರು ಅಂತಾರೆ."

ಶನಿವಾರ ಮಾಮ ಬಂದವರೇ ಪಲ್ಪರ್ ಸುತ್ತ ಒಂದು ಸುತ್ತು ಹಾಕಿ, ನಾನು ಕೂಡಿಸಿ ಹಾಕಿದ್ದ ಹಳೇ ಬೆಲ್ಟ್ ಎಳೆದು ನೋಡಿದರು.

"ಇದನ್ನ ಮಳೆಗಾಲದಲ್ಲೇ ಬದಲಿಸದೇ ಇದ್ದ ಕತ್ತೆ ಯಾರು?"

ಮಲ್ಲಿಕಾರ್ಜುನಪ್ಪನವರು ಜಯಪ್ರಕಾಶಣ್ಣನ ಕಡೆ ನೋಡಿ, "ಹೊಸ ಬೆಲ್ಟಿಗೆ ಆರ್ಡರ್ ಬರೀ," ಎಂದಷ್ಟೇ ಹೇಳಿದರು. ಆಮೇಲೆ ನನ್ನ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು.

ಜಗಳ ತೆಗೆಯಲು ನಾನು ದಾರಿಯೆಲ್ಲ ಯೋಚಿಸಿಟ್ಟುಕೊಂಡು ಬಂದಿದ್ದ ಮಾತೊಂದೂ ಉಪಯೋಗಕ್ಕೆ ಬರಲಿಲ್ಲ. ಪತ್ರ ಮಡಿಸಿ ಜೇಬಿಗಿಟ್ಟು ಹೊರಡುವಾಗ ಹಿಂದಿನಿಂದ ಮಾಮನ ದನಿ ಕೇಳಿಸಿತು. ಆಗಷ್ಟೇ ಕೈಗೆ ಬಂದ ತಮ್ಮ ನೇಮಕ ಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು.

"ರೈಟರ್ರೇ, ಇಲ್ಲೇನೋ ಬದಲಿ ವೇತನ ಅಂತಿದೆ. ನಾನು ಬಿಡ್ಬೇಕಾದ್ರೆ ದುಡ್ಡು ಕೊಡ್ಬೇಕಾ, ಇಲ್ಲಾ ಇವನನ್ನೇ ವಾಪಸ್ ಕರ್ಕೊಂಡು ಬರ್ಬೇಕಾ?"

ನಾನು ಬೈಕ್ ಕಿಕ್ ಹೊಡೆದೆ.