ತಲೆದಿಂಬಿನ ಬಳಿ ಕೂರುವ ಮಾತು

ಕಾಯಿಲೆಯವರನ್ನು ನೋಡಲು ಹೋದವರು ಮನೆಗೆ ವಾಪಸ್ಸು ಬರುತ್ತಾರೆ, ಆದರೆ ಅವರು ಆಡಿದ ಮೊದಲ ಮಾತು ಬರುವುದಿಲ್ಲ, ಅದು ಅಲ್ಲೇ ತಲೆದಿಂಬಿನ ಬಳಿ ಕೂತುಬಿಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಅದಕ್ಕೊಂದು ಕಥೆಯೂ ಇತ್ತು. ಯಾವುದೋ ಊರಿನ ರಾಣಿಗೆ ಜ್ವರ. ನೋಡಲು ಬಂದವರೆಲ್ಲ ಹೋದ ಮೇಲೆ ಅವರ ಮಾತುಗಳು ದಿಂಬಿನ ಸುತ್ತ ಕಾಲು ಚಾಚಿ ಕೂತು ಹರಟೆ ಹೊಡೆದವಂತೆ. ‘ಅಯ್ಯೋ, ಎಷ್ಟು ಸೊರಗಿದ್ದೀರಿ’ ಎಂಬ ಮಾತು ಎಲೆಯಡಿಕೆ ಜಗಿಯುತ್ತಿತ್ತಂತೆ. ‘ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು’ ಎಂಬುದು ಗೊರಕೆ ಹೊಡೆಯುತ್ತಿತ್ತಂತೆ. ರಾಣಿಯನ್ನು ಕಾಡಿದ್ದು ಜ್ವರವಲ್ಲ, ಈ ಗಲಾಟೆ.

ಹೋಬೋಕನ್‌ನಿಂದ ಹೊರಟ ರೈಲಿನಲ್ಲಿ ತಾರಿಣಿ ಈ ಕಥೆಯನ್ನೇ ನೆನೆಯುತ್ತಾ ಕೂತಿದ್ದಳು. ಹೊರಗೆ ಜೊಂಡು ಬೆಳೆದ ಜೌಗಿನ ಮೇಲೆ ಹಿಮ ಬಿದ್ದಿತ್ತು, ಅದರಾಚೆ ಗೋದಾಮುಗಳ ಸಾಲು. ರಾಣಿಯ ಅರಮನೆ ಆ ಗೋದಾಮುಗಳ ಹಿಂದೆಯೇ ಇದ್ದೀತು ಎಂದು ಚಿಕ್ಕವಳಿದ್ದಾಗ ನಂಬಿದ್ದಳು. ಈಗಲೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಸೀಕಾಕಸ್‌ನಲ್ಲಿ ರೈಲು ಬದಲಿಸುವಾಗಲೂ ಅವಳ ತುಟಿ ಒಂದೇ ಮಾತನ್ನು ಮೆಲುಕು ಹಾಕುತ್ತಿತ್ತು.

ಆಸ್ಪತ್ರೆಯಲ್ಲಿ ಇದ್ದವಳು ಬೇಬಿ ಅತ್ತೆ, ತಾರಿಣಿಯ ಅಪ್ಪನ ಅಕ್ಕ. ಅರವತ್ತೆಂಟಾದರೂ ಆಕೆಯನ್ನು ಬೇಬಿ ಎಂದು ಕರೆಯುವುದನ್ನು ಯಾರೂ ಬಿಟ್ಟಿರಲಿಲ್ಲ. ಗಂಡ ತೀರಿಕೊಂಡ ಮೇಲೂ ಹೆದ್ದಾರಿ ಪಕ್ಕದ ಪುಟ್ಟ ಮೋಟೆಲನ್ನು ಮಗ ಕುನಾಲ್ ಜೊತೆ ನಡೆಸುತ್ತಿದ್ದಳು. ಹಿಮ ಕರಗಲೆಂದು ಮೋಟೆಲಿನ ಪಾರ್ಕಿಂಗ್ ಲಾಟಿನಲ್ಲಿ ಉಪ್ಪು ಎರಚಲು ಹೋದವಳು ಆ ಹಿಮದ ಮೇಲೇ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮರುದಿನವೇ ಎದ್ದು ಕೂರಬೇಕಿತ್ತು, ಆದರೆ ಅತ್ತೆ ಏಳಲಿಲ್ಲ. ಅದರ ಮರುದಿನವೂ ಇಲ್ಲ.

ಮೊದಲ ಮಾತಿನ ವಿಷಯದಲ್ಲಿ ತಾರಿಣಿಗೆ ಅಜ್ಜಿಯ ತರಬೇತಿ ಪಕ್ಕಾ ಆಗಿತ್ತು. ‘ಚೆನ್ನಾಗಿದ್ದೀರಾ’ ಎಂದು ಮಾತ್ರ ಕೇಳಬಾರದು, ಪಾಪ, ಮಲಗಿದವರು ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಅಪಶಕುನ. ‘ಏನಾಯ್ತು’ ಎಂದರೆ ಬಿದ್ದ ಕಥೆಯನ್ನು ಮತ್ತೆ ಮೊದಲಿಂದ ಹೇಳಬೇಕು, ಅಂದರೆ ಮತ್ತೊಮ್ಮೆ ಬಿದ್ದ ಹಾಗೆ. ಕತ್ತು ತಿರುಗಿಸದೆ ಕಾಣುವ ಜಾಗದಲ್ಲಿ ನಿಲ್ಲಬೇಕು. ಮೊದಲು ಅತ್ತೆ, ಮಾವ ಎಂದು ಸಂಬಂಧ ಹಿಡಿದು ಕರೆಯಬೇಕು. ಅವರ ಕಣ್ಣು ತನ್ನನ್ನು ಗುರುತಿಸುವವರೆಗೆ ಕಾಯಬೇಕು. ಆಮೇಲೆ, ‘ಈಗ ಪರವಾಗಿಲ್ವಾ?’ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟ ಹಾಗೆ ಅದು. ಕಾಯಿಲೆಯವರು ಹುಡುಕಾಡಬೇಕಿಲ್ಲ, ‘ಪರವಾಗಿಲ್ಲ’ ಎಂದರೆ ಸಾಕು. ಒಮ್ಮೆ ತಮ್ಮ ಬಾಯಲ್ಲೇ ಹಾಗೆ ಅಂದರೋ, ಅರ್ಧ ವಾಸಿಯಾದಂತೆ.

ಆಸ್ಪತ್ರೆಯ ಕೆಳಗಿನ ಡೆಸ್ಕಿನಲ್ಲಿ ಅವಳ ಫೋಟೋ ತೆಗೆದು ಸ್ಟಿಕ್ಕರು ಅಂಟಿಸಿ ಮೇಲೆ ಕಳಿಸಿದರು. ಲಿಫ್ಟಿನ ಬಾಗಿಲಲ್ಲೇ ಕುನಾಲ್ ಸಿಕ್ಕ. ಗಡ್ಡ ಬೆಳೆದಿತ್ತು. ಅಮ್ಮ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿಲ್ಲ, ವ್ಯಾಯಾಮ ಮಾಡಿಸುವ ಟೋನಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದ. ಇವತ್ತೂ ಕುರ್ಚಿಯಲ್ಲಿ ಕೂರದೆ ಹೋದರೆ ಮನೆಗೆ ಬಿಡುವುದಿಲ್ಲ, ನಡೆಯಲು ಕಲಿಸುವ ರಿಹ್ಯಾಬ್‌ಗೆ ಕಳಿಸುತ್ತಾರೆ. ವಾರಗಟ್ಟಲೆ ಅಲ್ಲೇ ಇರಬೇಕು. ಮಲಗಿದಷ್ಟೂ ನಿಮೋನಿಯಾ ಭಯ ಬೇರೆ.

“ಅವಳು ಮನಸ್ಸು ಮಾಡಿಬಿಟ್ಟಿದ್ದಾಳೆ ತಾರೂ,” ಎಂದ. ಏನು ಮನಸ್ಸು ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಕಾರಿಡಾರಿನ ಕಿಟಕಿಯ ಬಳಿ ಅವನ ಹೆಂಡತಿ ಅನುಷ್ಕಾ ಕೂತಿದ್ದಳು. ಈ ದೇಶದಲ್ಲೇ, ಎಡಿಸನ್‌ನಲ್ಲೇ ಹುಟ್ಟಿ ಬೆಳೆದವಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತೊಡೆಯ ಮೇಲೆ ಸಾರಿನ ಫ್ಲಾಸ್ಕು. ಒಳಗೆ ಯಾಕೆ ಹೋಗಿಲ್ಲ ಎಂದು ಕೇಳಿದ್ದಕ್ಕೆ, ತಾನು ಹೋದರೆ ಅತ್ತೆ ಮುಖ ಗೋಡೆಗೆ ತಿರುಗಿಸುತ್ತಾರೆ ಎಂದಳು. ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು.

ತಾರಿಣಿ ಬಾಗಿಲ ಬಳಿಯ ಡಬ್ಬಿಯಿಂದ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒಳಗೆ ಹೋದಳು. ಎದುರಿನ ಬಿಳಿ ಹಲಗೆಯಲ್ಲಿ ನರ್ಸಿನ ಹೆಸರು, ಅದರ ಕೆಳಗೆ ‘ಇವತ್ತಿನ ಗುರಿ: ಕುರ್ಚಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಪಕ್ಕದಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಸೊನ್ನೆಯಿಂದ ಹತ್ತರ ನೋವಿನ ಪಟ. ನರ್ಸು ಬಂದಾಗಲೆಲ್ಲ ಮೊದಲು ಕೇಳುವುದು ಅದನ್ನೇ, ನೋವು ಎಷ್ಟು ಅಂತ. ಅತ್ತೆ ಸದಾ ಐದು ಅನ್ನುತ್ತಿದ್ದಳಂತೆ. ಸೊನ್ನೆ ಅಂದರೆ ಜಂಬ, ಹತ್ತು ಅಂದರೆ ಕೆಡುಕನ್ನು ಬಾ ಎಂದು ಕರೆದ ಹಾಗೆ.

ತಾರಿಣಿ ಹಾಸಿಗೆಯ ಬದಿಗೆ, ಕಾಣುವ ಹಾಗೆ ನಿಂತಳು.

“ಅತ್ತೆ.”

ಅತ್ತೆಯ ಕಣ್ಣು ನಿಧಾನವಾಗಿ ಬಂದು ಅವಳ ಮೇಲೆ ನಿಂತಿತು.

“ಈಗ ಪರವಾಗಿಲ್ವಾ?”

ಒಂದು ಎಳೆ ನಗು ಬಂದ ಹಾಗಾಗಿ ಹೋಯಿತು. “ಥೇಟ್ ನಮ್ಮಮ್ಮ ಕೇಳಿದ ಹಾಗೇ ಕೇಳ್ತೀಯಲ್ಲೇ,” ಎಂದಳು. ಅಷ್ಟಾದರೂ ಪರವಾಗಿಲ್ಲ ಎಂಬ ಮಾತು ಮಾತ್ರ ಬರಲಿಲ್ಲ. “ಕೊನೇ ನಮಸ್ಕಾರ ಎಲ್ಲ ಆಗ್ಹೋಯ್ತು ಪುಟ್ಟಿ. ಇನ್ನೇನು ಉಳಿದಿದೆ?” ಎಂದು ಹೇಳಿ ಕಣ್ಣು ಮುಚ್ಚಿದಳು.

ತಾರಿಣಿ ಹೊದಿಕೆ ಸರಿಮಾಡಿ ಹೊರಗೆ ಬಂದಳು. ಅಜ್ಜಿಯ ಮಾತು ಕೆಲಸ ಮಾಡದೆ ಇದ್ದದ್ದು ಅವಳಿಗೆ ಇದೇ ಮೊದಲು. ತನಗಿಂತ ಮುಂಚೆ ಬಂದ ಯಾವುದೋ ಮಾತು ಆ ದಿಂಬಿನ ಬಳಿ ಜಾಗ ಹಿಡಿದು ಕೂತಿರಬೇಕು. ಯಾರದು?

ಅನುಷ್ಕಾಳ ಪಕ್ಕ ಕೂತು, ಆಪರೇಷನ್ ಆದ ಮೇಲೆ ಮೊದಲು ಒಳಗೆ ಹೋದವರು ಯಾರು ಎಂದು ಕೇಳಿದಳು. ತಾನೇ ಎಂದಳು ಅನುಷ್ಕಾ. ಕುನಾಲ್ ಕಾರು ನಿಲ್ಲಿಸಲು ಹೋಗಿದ್ದ. ಏನು ಹೇಳಬೇಕೋ ಗೊತ್ತಾಗಲಿಲ್ಲ, ಕನ್ನಡದಲ್ಲಿ ತಪ್ಪು ಮಾತಾಡಿಬಿಟ್ಟರೆ ಎಂಬ ಹೆದರಿಕೆ. ಹಾಗಾಗಿ ಮದುವೆಯಲ್ಲಿ ಕಲಿಸಿಕೊಟ್ಟದ್ದನ್ನೇ ಮಾಡಿದೆ ಎಂದಳು.

“ಏನು ಮಾಡಿದೆ?”

“ಹೊದಿಕೆ ಸ್ವಲ್ಪ ಎತ್ತಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ರೆಸ್ಪೆಕ್ಟ್‌ಫುಲ್ ಆಗಿ. ಅವರು ನನ್ನ ನೋಡಿ ಅಳೋಕೆ ಶುರು ಮಾಡಿದ್ರು. ಖುಷಿಗೆ ಅಂದ್ಕೊಂಡೆ.”

ತಾರಿಣಿಯ ಕಣ್ಣ ಮುಂದೆ ಅಜ್ಜಿ ಬಂದಳು. ಅಂತ್ಯಕ್ರಿಯೆಯ ದಿನ ಫ್ಯೂನರಲ್ ಹೋಮಿನಲ್ಲಿ ಹೊಸ ಸೀರೆಯುಟ್ಟು ಅಲುಗಾಡದೆ ಮಲಗಿದ್ದ ಅಜ್ಜಿ. ಎಲ್ಲರೂ ಸಾಲಾಗಿ ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಮಗಳು ಬೇಬಿ.

ಮಲಗಿದವರಿಗೆ ನಮಸ್ಕಾರ ಮಾಡುವುದಿಲ್ಲ ಎಂದು ತಾರಿಣಿ ಮೆತ್ತಗೆ ಹೇಳಿದಳು. ಅಜ್ಜಿ ಮಧ್ಯಾಹ್ನ ಸುಮ್ಮನೆ ಅಡ್ಡಾಗಿದ್ದಾಗ ಪರೀಕ್ಷೆಗೆ ಹೊರಟ ತಾನು ಬಗ್ಗಿದರೂ ಕಾಲು ಸರಕ್ಕನೆ ಎಳೆದುಕೊಂಡು, ಎದ್ದು ಕೂತು, ಈಗ ಮಾಡು ಎನ್ನುತ್ತಿದ್ದಳು. ಇನ್ನೆಂದೂ ಏಳದವರಿಗೆ ಮಾತ್ರ ಹಾಗೆ ಮಾಡುವುದು.

ಅನುಷ್ಕಾ ಬಾಯಿಗೆ ಕೈ ಅಡ್ಡ ಹಿಡಿದಳು. “ಓ ಮೈ ಗಾಡ್. ನಾನು ಅವರಿಗೆ ಗುಡ್‌ಬೈ ಹೇಳಿಬಿಟ್ನಾ?”

ಅಷ್ಟರಲ್ಲಿ ಬಂದ ಕುನಾಲ್ ಎಲ್ಲ ಕೇಳಿಸಿಕೊಂಡು, ಇದು ಬರೀ ನಂಬಿಕೆ, ಹೋಗಿ ಅಮ್ಮನಿಗೆ ಬಿಡಿಸಿ ಹೇಳಿದರೆ ಆಯಿತು ಎಂದ. ಹೇಳಬಹುದು ಎಂದಳು ತಾರಿಣಿ, ಆದರೆ ವಾದ ಮಾಡಿ ಕೂತ ಮಾತನ್ನು ಎಬ್ಬಿಸಲಾಗುವುದಿಲ್ಲ. ರಾಣಿಯ ಕಥೆಯಲ್ಲೂ ಮಂತ್ರಿ ಆ ಮಾತುಗಳ ಜೊತೆ ಜಗಳವಾಡಿ ಸೋತಿದ್ದ. ಕೊನೆಗೆ ಹೂವು ಕಟ್ಟುವ ಹೆಂಗಸೊಬ್ಬಳು ಒಳಗೆ ಬಂದು ಹೊಸ ಮಾತೊಂದನ್ನು ಆಡಿದ ಮೇಲೇ ಹಳೆಯವು ಜಾಗ ಬಿಟ್ಟದ್ದು. ನಮಸ್ಕಾರವನ್ನು ನಮಸ್ಕಾರವೇ ಅಳಿಸಬೇಕು. ಅದನ್ನು ಮಾಡಿದವಳೇ ಮಾಡಬೇಕು.

ಅವಳು ಅನುಷ್ಕಾಳಿಗೆ ಒಂದು ಅಚ್ಚುಕಟ್ಟಾದ ಮಾತು ಹೇಳಿಕೊಟ್ಟಳು. ಕಾರಿಡಾರಿನಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಸಿದಳು. ಟೋನಿ, ಹಿಡಿದು ನಡೆಯುವ ವಾಕರ್ ತಳ್ಳಿಕೊಂಡು ಬಂದಾಗ, ಒಂದು ನಿಮಿಷ ಬಾಗಿಲಲ್ಲೇ ನಿಲ್ಲುತ್ತೀರಾ ಎಂದು ಕೇಳಿಕೊಂಡಳು. ಅವನು ಭುಜ ಕುಣಿಸಿ ನಿಂತ.

ಒಳಗೆ ಹೋದ ಅನುಷ್ಕಾ ಹಾಸಿಗೆಯ ಕಾಲ ಬಳಿಗೆ ಹೋಗದೆ ಬದಿಗೆ, ಅತ್ತೆಗೆ ಕಾಣುವಲ್ಲಿ ನಿಂತಳು. ಅತ್ತೆಯ ಮುಖ ಗೋಡೆಯತ್ತ ಹೊರಳಿತು. ಕಲಿತ ಮಾತು ಅನುಷ್ಕಾಳ ತಲೆಯಿಂದ ಹಾರಿಹೋದದ್ದು ತಾರಿಣಿಗೆ ಬಾಗಿಲಿನಿಂದಲೇ ಕಾಣಿಸಿತು. ಹೇಳಿಕೊಡೋಣವೆಂದು ಬಾಯಿ ತೆರೆದವಳು ತಡೆದುಕೊಂಡಳು.

“ಅತ್ತೆ,” ಎಂದಳು ಅನುಷ್ಕಾ. ಸ್ವಲ್ಪ ಕಾದಳು. “ನನಗೆ ಗೊತ್ತಿರ್ಲಿಲ್ಲ. ಅವತ್ತು ಮಾಡಿದ್ದು ರಾಂಗ್ ನಮಸ್ಕಾರ. ಸರಿಯಾದ್ದು ಇನ್ನೂ ಮಾಡಿಲ್ಲ. ನೀವು ಎದ್ದು ಕೂತ್ಕೊಂಡ್ರೆ ಮಾತ್ರ ಮಾಡ್ತೀನಿ. ಅಲ್ಲಿವರೆಗೆ ಇಲ್ಲೇ ನಿಂತಿರ್ತೀನಿ.”

ಅನುಷ್ಕಾ ನಿಂತೇ ಇದ್ದಳು, ಕೈಯಲ್ಲಿ ಫ್ಲಾಸ್ಕು. ಟೋನಿ ಗಡಿಯಾರ ನೋಡಿಕೊಂಡ, ತಾರಿಣಿ ಅವನ ತೋಳು ಮುಟ್ಟಿ ತಡೆದಳು.

“ಕೈಯಲ್ಲಿ ಏನದು?” ಎಂದು ಗೋಡೆಗೆ ಕೇಳಿದಳು ಅತ್ತೆ.

“ಸಾರು.”

“ಮೂರು ದಿನದಿಂದ ಅದನ್ನೇ ಹಿಡ್ಕೊಂಡು ತಿರುಗ್ತಿದ್ದೀಯಾ?”

“ಇಲ್ಲ ಅತ್ತೆ, ದಿನಾ ಹೊಸದು ಮಾಡ್ತಿದ್ದೀನಿ.”

ಅತ್ತೆಯ ಮುಖ ಈ ಕಡೆ ತಿರುಗಿತು. ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ಹೊದಿಕೆಯ ತುದಿಯಲ್ಲಿ ಇಣುಕುತ್ತಿದ್ದ ತನ್ನ ಕಾಲುಗಳನ್ನು. ಆಸ್ಪತ್ರೆಯವರು ಜಾರದಿರಲೆಂದು ಹಾಕಿದ ಹಳದಿ ಸಾಕ್ಸು, ಅಡಿಯಲ್ಲಿ ರಬ್ಬರಿನ ಚುಕ್ಕಿ.

“ಈ ಬಾತುಕೋಳಿ ಕಾಲಿಗಾ ನಮಸ್ಕಾರ ಮಾಡೋದು?”

“ಹೂಂ.”

“ಸರಿ, ಆ ಟೋನಿ ಎಲ್ಲಿ ಸತ್ತ, ಕರಿ ಅವನ್ನ.”

ಟೋನಿಗೆ ಎಷ್ಟು ಅರ್ಥವಾಯಿತೋ, ತನ್ನ ಹೆಸರು ಕೇಳಿ ಮುಂದೆ ಬಂದ. ಹಾಸಿಗೆಯ ತಲೆಭಾಗ ಎತ್ತಿದ, ಸೊಂಟಕ್ಕೆ ಅಗಲದ ಪಟ್ಟಿ ಬಿಗಿದ, ಕಾಲನ್ನು ಒಂದಾದ ಮೇಲೊಂದು ಕೆಳಗಿಳಿಸಿದ. ವಾಕರ್ ಹಿಡಿದು ಎದ್ದು ನಿಂತಾಗ ಅತ್ತೆಯ ಕೆಳತುಟಿ ಹಲ್ಲಿನಡಿ ಬಿಳಿಚಿಕೊಂಡಿತು. ಕುನಾಲ್ ಮುಂದೆ ಧಾವಿಸಿದ್ದನ್ನು ಕಣ್ಣಿನಲ್ಲೇ ತಡೆದಳು. ತಿರುಗಿ, ಸರಿದು, ಎತ್ತರದ ಕುರ್ಚಿಯಲ್ಲಿ ಕೂತಳು. ಕೂದಲನ್ನು ಕೈಯಲ್ಲೇ ಒತ್ತಿಕೊಂಡು, ಆಸ್ಪತ್ರೆಯ ನಿಲುವಂಗಿಯನ್ನು ರೇಷ್ಮೆ ಸೀರೆಯೋ ಎಂಬಂತೆ ಮಂಡಿಯ ಮೇಲೆ ನೇರ ಮಾಡಿಕೊಂಡಳು.

“ಹಾಂ. ಈಗ ಮಾಡು.”

ಅನುಷ್ಕಾ ಫ್ಲಾಸ್ಕನ್ನು ತಾರಿಣಿಯ ಕೈಗಿತ್ತು ಬಗ್ಗಿದಳು. ಹಳದಿ ಸಾಕ್ಸನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅತ್ತೆಗೆ ಬಗ್ಗುವಂತಿರಲಿಲ್ಲ, ಸೊಸೆಯೇ ಮಂಡಿಯೂರಿ ತಲೆಯನ್ನು ಆ ಕೈಗೆ ಎಟುಕುವಷ್ಟು ಹತ್ತಿರ ತಂದಳು. ಸೂಜಿಯ ಜಾಗಕ್ಕೆ ಟೇಪು ಅಂಟಿಸಿದ್ದ ಕೈ ಅವಳ ನೆತ್ತಿಯ ಮೇಲೆ ಇಳಿಯಿತು.

“ನೂರು ಕಾಲ ಸುಖವಾಗಿ ಬಾಳಮ್ಮ,” ಎಂದಳು ಅತ್ತೆ. ಕೈ ಅಲ್ಲೇ ಇತ್ತು. “ನಿಮ್ಮಮ್ಮ ಇದನ್ನೂ ಹೇಳಿಕೊಟ್ಟಿರಲಿಲ್ವಾ? ಹೋಗಲಿ, ನಾನಿದೀನಲ್ಲ.”

ತಾರಿಣಿಯ ಕಣ್ಣು ಆ ಗಳಿಗೆ ಹಾಸಿಗೆಯ ಕಡೆ ಹೋಯಿತು. ಖಾಲಿ ದಿಂಬು, ನಡುವೆ ತಲೆ ಒತ್ತಿದ ಗುಳಿ. ಅದರ ಬಳಿ ಯಾರೂ ಕೂತಿರಲಿಲ್ಲ.

ಟೋನಿ ಬಿಳಿ ಹಲಗೆಯ ‘ಕುರ್ಚಿ’ಯ ಪಕ್ಕ ಗುರುತು ಹಾಕಿ, ವಾಡಿಕೆಯಂತೆ ನೋವು ಎಷ್ಟು, ಸೊನ್ನೆಯಿಂದ ಹತ್ತರಲ್ಲಿ ಎಂದು ಕೇಳಿದ. ಅತ್ತೆ ಸಾರಿನ ಲೋಟವನ್ನು ತುಟಿಯಿಂದ ತೆಗೆದು ಸೊಸೆಯ ಕಡೆ ನೋಡಿದಳು.

“ಪರವಾಗಿಲ್ಲ ಅಂತ ಹೇಳೇ ಅವನಿಗೆ.”

ಅನುಷ್ಕಾ ಹೇಳಿದಳು. ಅದು ಎಷ್ಟನೇ ನಂಬರು ಎಂದು ಕೇಳಿದ ಟೋನಿ. ಅನುಷ್ಕಾ ಗೋಡೆಯ ಪಟದಲ್ಲಿದ್ದ ನಗುವ ಮುಖದಿಂದ ಅಳುವ ಮುಖದವರೆಗೆ ಒಮ್ಮೆ ಕಣ್ಣಾಡಿಸಿ, ಅದರಲ್ಲಿ ಇಲ್ಲ ಎಂದಳು.

ಹೊರಡುವಾಗ ತಾರಿಣಿ ಬರ್ತೀನಿ ಎನ್ನಲಿಲ್ಲ. ಆಸ್ಪತ್ರೆಯಲ್ಲಿ ಆ ಮಾತು ಆಡಬಾರದು, ಮತ್ತೆ ಅಲ್ಲಿಗೇ ಬರುವ ಹಾಗಾಗಬಾರದಲ್ಲ.

“ಮನೇಲಿ ಸಿಕ್ತೀನಿ ಅತ್ತೆ,” ಎಂದಳು.

“ಬಾ. ಭಾನುವಾರ ಊಟಕ್ಕೇ ಬಾ,” ಎಂದ ಅತ್ತೆ ಸಾರನ್ನು ಇನ್ನೊಂದು ಗುಟುಕು ಕುಡಿದು, ದನಿ ತಗ್ಗಿಸಿದಳು. “ಅಷ್ಟರಲ್ಲಿ ಇವಳಿಗೆ ಸಾರಿಗೆ ಉಪ್ಪು ಎಷ್ಟು ಹಾಕ್ಬೇಕು ಅಂತಾನೂ ಹೇಳಿಕೊಟ್ಟಿರ್ತೀನಿ.”