ಮೂವತ್ತನಾಲ್ಕು ಕಂತು

"ಅಕ್ಕ, ಕಾರಣ ಸ್ವಲ್ಪ ಅಳು ಬರೋ ಹಾಗೆ ಬರೀಲಾ?" ಆಸ್ಪತ್ರೆಯ ಲೆಕ್ಕದ ಗುಮಾಸ್ತ ಪೆನ್ನು ಎತ್ತಿ ಕೇಳಿದ.

"ಬೇಡಪ್ಪ. ಇದ್ದದ್ದನ್ನ ಬರಿ. ಅಳೋದಾದ್ರೆ ನಾನೇ ಹೋಗಿ ಅಳ್ತೀನಿ."

ಊಟದ ಬಿಡುವಿನಲ್ಲಿ ಇಬ್ಬರೂ ಬಟ್ಟೆ ಕೋಣೆಯಲ್ಲಿ ಕುಳಿತಿದ್ದರು. ಮೂವತ್ತು ವರ್ಷದಿಂದ ಆ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ಬಟ್ಟೆ, ಎಲ್ಲವನ್ನೂ ಒಗೆಸಿ, ಎಣಿಸಿ, ಮಡಿಸಿ ವಾರ್ಡುಗಳಿಗೆ ಕಳಿಸುವುದು ಅವಳ ಕೆಲಸ. ನಾಲ್ಕು ತಿಂಗಳ ಹಿಂದೆ ಒಗೆಯುವುದನ್ನು ಹೊರಗಿನ ಗುತ್ತಿಗೆಗೆ ಕೊಟ್ಟರು. ಈಗ ಬಟ್ಟೆ ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲಿ ಬರುತ್ತದೆ. ಅವಳ ಕೆಲಸವೇನೋ ಉಳಿಯಿತು, ಓವರ್‌ಟೈಮ್ ಹೋಯಿತು. ಕೈಗೆ ಬರುತ್ತಿದ್ದ ಮೂವತ್ತೆರಡು ಸಾವಿರ ಇಪ್ಪತ್ತಾರಕ್ಕೆ ಇಳಿಯಿತು.

ಗುಮಾಸ್ತ ಬರೆದದ್ದನ್ನು ಓದಿ ಹೇಳಿದ: "ಮಾನ್ಯರೇ, ತಮ್ಮ ಶಾಖೆಯಲ್ಲಿ ಪಡೆದ ಆರು ಲಕ್ಷದ ವೈಯಕ್ತಿಕ ಸಾಲದ ಅರವತ್ತು ಕಂತುಗಳಲ್ಲಿ ಮೂವತ್ತನ್ನು ಒಂದು ದಿನವೂ ತಡಮಾಡದೆ ಕಟ್ಟಿರುತ್ತೇನೆ. ಈಗ ನನ್ನ ಆದಾಯ ಕಡಿಮೆಯಾಗಿರುವುದರಿಂದ, ಉಳಿದ ಮೂವತ್ತು ತಿಂಗಳ ಅವಧಿಯನ್ನು ಐವತ್ತನಾಲ್ಕು ತಿಂಗಳಿಗೆ ವಿಸ್ತರಿಸಿ, ಮಾಸಿಕ ಕಂತನ್ನು ಹದಿಮೂರು ಸಾವಿರದ ಆರುನೂರ ಐವತ್ತೊಂದರಿಂದ ಸುಮಾರು ಎಂಟೂವರೆ ಸಾವಿರಕ್ಕೆ ಇಳಿಸಿಕೊಡಬೇಕೆಂದು ಕೋರುತ್ತೇನೆ."

"ಐವತ್ತನಾಲ್ಕು ಯಾಕೆ? ಅರವತ್ತು ಅಂತ ಕೇಳಿದ್ರೆ?"

"ಕೊಡಲ್ಲ. ಹಳೇದು, ಹೊಸದು ಸೇರಿ ಒಟ್ಟು ಎಂಬತ್ತನಾಲ್ಕು ತಿಂಗಳು ದಾಟಬಾರದು ಅಂತ ಅವರ ನಿಯಮ. ಬಡ್ಡಿ ಜಾಸ್ತಿ ಬೀಳುತ್ತೆ, ಗೊತ್ತಲ್ಲ? ಕೊನೇಗೆ ಲೆಕ್ಕ ಹಾಕಿದ್ರೆ ಐವತ್ತು ಸಾವಿರದ ಮೇಲೆ."

"ಕೊನೇದು ಕೊನೆಗೆ ಆಯ್ತು. ಈ ತಿಂಗಳದ್ದು ಹೇಳು."

ಕಂತಿನಲ್ಲಿ ಉಳಿಯುವ ಐದು ಸಾವಿರ ಎಲ್ಲಿಗೆ ಹೋಗಬೇಕೆಂದು ಅವಳು ಆಗಲೇ ನಿಶ್ಚಯಿಸಿದ್ದಳು. ಅವಳ ಅಮ್ಮನಿಗೆ ಸೊಂಟದ ಮೂಳೆ ಮುರಿದು, ಆ ಆಪರೇಷನ್ನಿಗೆಂದೇ ಈ ಸಾಲ ಮಾಡಿದ್ದು. ಮೂಳೆ ಕೂಡಿತು, ಆದರೆ ಅಮ್ಮನ ನೆನಪು ಎಳೆ ಎಳೆಯಾಗಿ ಬಿಡುತ್ತಾ ಬಂತು. ಒಲೆ ಹಚ್ಚಿ ಮರೆಯುತ್ತಿದ್ದಳು. ಬಾಗಿಲು ತೆರೆದು ಹೋಗಿಬಿಡುತ್ತಿದ್ದಳು. ಹಾಗಾಗಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಒಬ್ಬ ಹೆಂಗಸು ಬರುತ್ತಿದ್ದಳು. ಅಮ್ಮ ಅವಳನ್ನು ಪೊಲೀಸಮ್ಮ ಎನ್ನುತ್ತಿದ್ದಳು. ಪೊಲೀಸಮ್ಮನಿಗೆ ತಿಂಗಳಿಗೆ ಐದು ಸಾವಿರ ಕೊಡುವುದು, ಎರಡು ತಿಂಗಳಿಂದ ಬಾಕಿ. "ಒಂದನೇ ತಾರೀಖಿನವರೆಗೆ ನೋಡ್ತೀನಿ ಅಕ್ಕ. ಆಮೇಲೆ ನನಗೂ ಹೊಟ್ಟೆ ಇದೆ," ಎಂದು ಅವಳು ಮೆಲ್ಲಗೆ ಹೇಳಿಯೂ ಇದ್ದಳು.

ಮರುದಿನ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದಳು. ಸಾಲದ ವಿಭಾಗದಲ್ಲಿದ್ದುದು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಒಬ್ಬ ಅಧಿಕಾರಿ. ಪತ್ರ, ಆರು ತಿಂಗಳ ಸಂಬಳದ ಚೀಟಿ, ಓವರ್‌ಟೈಮ್ ನಿಲ್ಲಿಸಿದ ಆದೇಶದ ಪ್ರತಿ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಅವಸರ ಮಾಡಲಿಲ್ಲ. ಅದೇ ಭರವಸೆ ಹುಟ್ಟಿಸಿತು.

"ಒಂದು ಕಂತೂ ತಪ್ಪಿಸಿಲ್ಲ. ಆದಾಯ ಇಳಿದಿರೋದಕ್ಕೆ ದಾಖಲೆ ಇದೆ. ಇಂಥ ಅರ್ಜಿ ನೋಡಿದ್ರೆ ನಮಗೂ ಖುಷಿ," ಎಂದು ಅಧಿಕಾರಿ ಕಂಪ್ಯೂಟರಿನತ್ತ ತಿರುಗಿದಳು. ಬೆರಳುಗಳು ಓಡಿದವು, ನಿಂತವು.

"ಮೇಡಂ, ನಿಮ್ಮ ನಿವೃತ್ತಿ ಯಾವಾಗ?"

"ಅರವತ್ತಕ್ಕೆ."

"ಅದೇ. ನಮ್ಮ ದಾಖಲೆ ಪ್ರಕಾರ ನಿಮಗೆ ಈಗ ಐವತ್ತೇಳು ವರ್ಷ ಎರಡು ತಿಂಗಳು. ಉಳಿದಿರೋದು ಮೂವತ್ತನಾಲ್ಕು ತಿಂಗಳು. ಸಂಬಳದ ಮೇಲೆ ಕೊಟ್ಟ ಸಾಲ ಸಂಬಳ ನಿಲ್ಲೋದರೊಳಗೆ ತೀರಬೇಕು. ಐವತ್ತನಾಲ್ಕು ಹಾಕಿದ್ರೆ ಕಂಪ್ಯೂಟರೇ ತಗೊಳ್ಳಲ್ಲ."

ಅವಳಿಗೆ ಇದು ಹೊಳೆದೇ ಇರಲಿಲ್ಲ. ಗುಮಾಸ್ತನಿಗೂ ಹೊಳೆದಿರಲಿಲ್ಲ, ಅವನಿಗಿನ್ನೂ ಮೂವತ್ತರ ಹತ್ತಿರದ ವಯಸ್ಸು.

"ನೋಡಮ್ಮ," ಎಂದಳು, ಮೇಡಂ ಎನ್ನುವುದು ಮರೆತು. "ನನಗೆ ನಿಜವಾಗಿ ಐವತ್ತೈದೂವರೆ. ಅದು ಶಾಲೆಗೆ ಸೇರಿಸೋವಾಗ ಜಾಸ್ತಿ ಬರೆಸಿದ್ದು."

"ನಿಜವಾಗಿ ಅಂದ್ರೆ? ಯಾವ ದಾಖಲೆಯಲ್ಲಿ?"

"ದಾಖಲೆಯಲ್ಲಿ ಎಲ್ಲೂ ಇಲ್ಲ. ಅಮ್ಮನಿಗೆ ಗೊತ್ತು."

ಅಧಿಕಾರಿ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮೇಡಂ, ಈ ಮಾತನ್ನ ನಾನು ಕೇಳಿಸ್ಕೊಂಡಿಲ್ಲ. ನೀವೂ ಎಲ್ಲೂ ಬರೀಬೇಡಿ. ಕೆಲಸಕ್ಕೆ ಸೇರೋವಾಗ ಕೊಟ್ಟ ತಾರೀಖೇ ಸುಳ್ಳು ಅಂತ ಆಗುತ್ತೆ."

ಸುಳ್ಳು. ಆ ಪದ ಅವಳ ಕಿವಿಯಲ್ಲಿ ವಿಚಿತ್ರವಾಗಿ ಕೇಳಿಸಿತು. ಅಮ್ಮ ಈ ಕತೆಯನ್ನು ಹೇಳುತ್ತಿದ್ದುದು ನಗುತ್ತಾ. ಆಗ ಅಪ್ಪ ಇರಲಿಲ್ಲ. ಅಮ್ಮ ಬೀಡಿ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದಳು. ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡುವ ಹಾಗಿರಲಿಲ್ಲ. ತಲೆಯ ಮೇಲಿಂದ ಕೈ ಹಾಕಿ ಆಚೆ ಬದಿಯ ಕಿವಿ ಮುಟ್ಟಿದ ಮಕ್ಕಳನ್ನು ಮಾತ್ರ ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ಅವಳ ಬೆರಳು ಕಿವಿಯ ಹತ್ತಿರಕ್ಕೂ ಹೋಗಲಿಲ್ಲವಂತೆ. ಆಗ ಅಮ್ಮ ಹಿಂದಿನಿಂದ ಅವಳ ತಲೆಯನ್ನು ಮೆಲ್ಲಗೆ ವಾಲಿಸಿದಳಂತೆ. ಮೇಷ್ಟರು ನೋಡಿಯೂ ನೋಡದವರ ಹಾಗೆ ಇಪ್ಪತ್ತು ತಿಂಗಳು ಹಿಂದಿನ ತಾರೀಖು ಬರೆದುಕೊಂಡರು. ಅದರಿಂದಾಗಿ ಎಲ್ಲರಿಗಿಂತ ಮೊದಲು ಓದು ಮುಗಿಯಿತು, ಮೊದಲು ಕೆಲಸ ಸಿಕ್ಕಿತು. ಇಷ್ಟು ವರ್ಷ ಅದನ್ನು ಅದೃಷ್ಟವೆಂದೇ ತಿಳಿದಿದ್ದಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

"ಬೇರೆ ದಾರಿ ಇಲ್ವಾ?"

"ಮೂವತ್ತನಾಲ್ಕು ತಿಂಗಳಿಗೆ ಮಾಡ್ಕೊಡಬಹುದು." ಅಧಿಕಾರಿ ಲೆಕ್ಕ ಹಾಕಿದಳು. "ಹನ್ನೆರಡು ಸಾವಿರದ ಇನ್ನೂರ ತೊಂಬತ್ತೆರಡು. ಪತ್ರ ಬದಲಾಯಿಸಿ ಕೊಟ್ರೆ ಮುಖ್ಯ ಕಚೇರಿಗೆ ಕಳಿಸ್ತೀನಿ. ಒಪ್ಪಿದ್ರೆ ಹೊಸ ಕರಾರಿಗೆ ಸಹಿ ಹಾಕಬೇಕು. ಸಾಲದ ನಿಯಮ ಬದಲಾಯ್ತು ಅಂತ ನಿಮ್ಮ ಸಾಲದ ಚರಿತ್ರೆಯಲ್ಲಿ ದಾಖಲಾಗುತ್ತೆ, ಮುಂದೆ ಬೇರೆ ಸಾಲ ಸಿಗೋದು ಕಷ್ಟ. ಅಲ್ಲೀವರೆಗೆ ಐದನೇ ತಾರೀಖಿನ ಕಂತು ಮಾತ್ರ ತಪ್ಪಿಸಬೇಡಿ."

"ಎಷ್ಟು ಉಳಿಯುತ್ತೆ?"

"ಸಾವಿರದ ಮುನ್ನೂರ ಐವತ್ತೊಂಬತ್ತು." ಹೇಳುವಾಗ ಆ ಹುಡುಗಿಗೇ ನಾಚಿಕೆಯಾದಂತಿತ್ತು. ಒಂದು ಬಿಳಿ ಹಾಳೆ ಮುಂದೆ ತಳ್ಳಿದಳು. "ಇಲ್ಲೇ ಬರೀರಿ. ನಾನು ಹೇಳ್ತೀನಿ."

ಅವಳು ಬರೆದಳು. ಐವತ್ತನಾಲ್ಕು ಇದ್ದ ಕಡೆ ಮೂವತ್ತನಾಲ್ಕು. ಕೆಳಗೆ ಸಹಿ ಹಾಕಿದಳು. ಬೇಡವೆನ್ನಲು ಬೇರೆ ದಾರಿಯೂ ಇರಲಿಲ್ಲ.

ಮನೆಗೆ ಬಂದಾಗ ಮೂರು ಗಂಟೆ. ಪೊಲೀಸಮ್ಮ ಅಮ್ಮನ ತಲೆ ಬಾಚುತ್ತಿದ್ದಳು.

"ಇವಳು ಎಳೀತಾಳೆ ಕಣೇ," ಎಂದು ಅಮ್ಮ ದೂರು ಹೇಳಿದಳು. "ಬೇರೆಯವರನ್ನ ಇಡು."

"ಇಟ್ಕೊಳ್ಳಿ ಅಜ್ಜಿ, ಯಾರು ಬರ್ತಾರೋ ನಾನೂ ನೋಡ್ತೀನಿ," ಎಂದ ಪೊಲೀಸಮ್ಮ ಮಗಳ ಮುಖ ನೋಡಿ ಬಾಚಣಿಗೆ ಕೆಳಗಿಟ್ಟಳು. "ಆಗ್ಲಿಲ್ವಾ ಅಕ್ಕ?"

"ಆಯ್ತು. ಸಾವಿರದ ಮುನ್ನೂರರಷ್ಟು." ಅಮ್ಮನ ಪಕ್ಕ ಕುಳಿತು ಕೇಳಿದಳು. "ಬಾಕಿ ಇರೋದನ್ನ ಹೇಗಾದ್ರೂ ತೀರಿಸ್ತೀನಿ. ಅದಲ್ದೆ, ಮುಂದಿನ ತಿಂಗಳಿಂದ ಅಷ್ಟಕ್ಕೆ ಎಷ್ಟು ಹೊತ್ತು ಬರೋಕಾಗುತ್ತೆ ನಿನಗೆ?"

ಪೊಲೀಸಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ತನಗೇ ನಷ್ಟವಾಗುವ ಹಾಗೆ ಹಾಕಿದಳೆಂಬುದು ಇವಳಿಗೆ ತಿಳಿಯಿತು. "ಮೂರು ಗಂಟೆ ಬರ್ತೀನಿ. ಯಾವ ಮೂರು ಅಂತ ನೀವೇ ಹೇಳಿ. ಉಳಿದ ಹೊತ್ತಿಗೆ ಬೇರೆ ಮನೆ ಹುಡುಕ್ಕೋತೀನಿ."

ಅವಳು ಗೋಡೆಯ ಗಡಿಯಾರ ನೋಡಿದಳು. ಎಂಟಕ್ಕೆ ಮಾತ್ರೆ. ಹತ್ತಕ್ಕೆ ಸ್ನಾನ, ಬಚ್ಚಲಿನ ನೆಲ ಜಾರುತ್ತದೆ. ಒಂದಕ್ಕೆ ಊಟ, ಬಾಯಿಗಿಟ್ಟರಷ್ಟೇ ಒಳಗೆ ಹೋಗುವುದು. ನಾಲ್ಕರ ಮೇಲೆ ಅಮ್ಮನಿಗೆ ಕಾರ್ಖಾನೆಯ ನೆನಪು ಬರುತ್ತದೆ, ಚಪ್ಪಲಿ ಹುಡುಕಲು ಶುರುಮಾಡುತ್ತಾಳೆ. ಸ್ನಾನದ ಹೊತ್ತು ಹೇಳಿದರೆ ಊಟ ತಪ್ಪುತ್ತದೆ. ಊಟದ ಹೊತ್ತಿಗಾದರೆ ಸಂಜೆ ಹೊರಗಿನಿಂದ ಬೀಗ ಹಾಕಬೇಕು. ಬೀಗ ಹಾಕಿದರೆ, ಒಳಗೆ ಒಲೆ.

"ಹೇಳಿ ಅಕ್ಕ."

"ಹೇಳ್ತೀನಿ ತಾಳು," ಎಂದಳು. ಪೊಲೀಸಮ್ಮ ಕಾದಳು. ಅಮ್ಮ ಅರ್ಧ ಹೆಣೆದ ಜಡೆಯನ್ನು ಹಿಡಿದು ಇಬ್ಬರನ್ನೂ ನೋಡುತ್ತಾ ಕುಳಿತಳು.