ಆರನೇ ಬೆರಳು

ಪತ್ರಿಕೆಯ ಫೋಟೋ ವಿಭಾಗದಲ್ಲಿ ಕೂತು, ಬೆರಳ ಲೆಕ್ಕ ತಪ್ಪುವ ಎಐ ಫೋಟೋಗಳನ್ನು ಹಿಡಿದು ಹಿಡಿದು, ಯಾರ ಫೋಟೋ ಕಂಡರೂ ಮುಖಕ್ಕಿಂತ ಮೊದಲು ಕೈಬೆರಳು ಎಣಿಸುವ ಚಾಳಿ ನನಗೆ ಅಂಟಿಕೊಂಡಿದೆ. ಅವತ್ತು ಗೋದಾಮಿನ ಬೆಂಕಿಯ ಫೋಟೋ ಬಂತು. ಅಗ್ನಿಶಾಮಕ ದಳದವನೊಬ್ಬ ಅಜ್ಜಿಯನ್ನು ಎತ್ತಿಕೊಂಡು ಏಣಿ ಇಳಿಯುತ್ತಿದ್ದ. ಅಜ್ಜಿಯ ಬೆನ್ನಿಗೆ ಆನಿಸಿದ್ದ ಅವನ ಕೈಗೆ ಆರು ಬೆರಳು. ಹಿಂದಿದ್ದ ಬೋರ್ಡಿನ ಅಕ್ಷರಗಳು ಯಾವ ಭಾಷೆಗೂ ಸೇರಿದವಲ್ಲ.

ಫೋಟೋಗ್ರಾಫರನನ್ನು ಕರೆದು, "ಇದನ್ನ ಕಂಪ್ಯೂಟರಲ್ಲಿ ಹುಟ್ಟಿಸಿದ್ದಾ?" ಅಂದೆ.

"ಹೊಗೆ ಕುಡಿದು ತೆಗೆದಿದ್ದು ಸಾರ್," ಅಂದ, ಇನ್ನೂ ಕೆಮ್ಮುತ್ತಾ.

ಮತ್ತೆ ನೋಡಿದೆ. ಏಣಿ, ಮನುಷ್ಯ, ಕಂಬ, ಎಲ್ಲದರ ನೆರಳೂ ಒಂದೇ ಕಡೆಗೆ ಸರಿಯಾಗಿ ಬಿದ್ದಿತ್ತು. ಅಂದರೆ ಫೋಟೋ ಅಸಲಿಯೇ, ಆಮೇಲೆ ಯಾರೋ ಕೈಯಾಡಿಸಿದ್ದಾರೆ ಅಂತ ಅನುಮಾನ ಬಂದು ಪುಟ ಜೋಡಿಸುವವಳನ್ನು ಕೇಳಿದೆ.

"ಮಸುಕಾಗಿತ್ತು ಸಾರ್. ಮಸುಕಾದ್ರೆ ನೀವು ಬಯ್ತೀರಲ್ಲ, ಅದಕ್ಕೆ ಎಐಗೆ ಕೊಟ್ಟು ಕ್ಲಿಯರ್ ಮಾಡಿಸ್ದೆ."

ಮಸುಕಾದ ಕಡೆಯೆಲ್ಲ ಅದು ತನಗೆ ತೋಚಿದ ಬೆರಳು, ತೋಚಿದ ಅಕ್ಷರ ತುಂಬಿತ್ತು. ತಲೆ ಚಚ್ಚಿಕೊಂಡು ಮೂಲ ಫೋಟೋ ತರಿಸಿದೆ. ಮಸುಕೇನೋ ಹೌದು, ಆದರೆ ಬೆರಳು ಐದೇ, ಬೋರ್ಡನ್ನೂ ಕಷ್ಟಪಟ್ಟು ಓದಬಹುದಿತ್ತು.

ಎರಡನ್ನೂ ಸಂಪಾದಕರ ಮುಂದಿಟ್ಟು, ಮೂಲವನ್ನೇ ಹಾಕಬೇಕು ಅಂತ ಅರ್ಧ ಗಂಟೆ ಗಂಟಲು ಹರಿದುಕೊಂಡೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ನಿಧಾನವಾಗಿ ಹೇಳಿದರು:

"ನೀನು ಹೇಳೋದೆಲ್ಲ ಸರಿ ಕಣಯ್ಯಾ. ಆದ್ರೆ ನೋಡೋಕೆ ನಿಜ ಅನ್ಸೋದು ಆರು ಬೆರಳಿಂದೇ. ಒಂದು ಬೆರಳು ಅಳಿಸಿ ಅದನ್ನೇ ಹಾಕ್ಬಿಡು."